ಕೆಂಪು ನಿಶಾನಿ ಹಿಡಿದ ಹಂಪವ್ವ

ಬೇವೂರಿನ ಹಂಪವ್ವ ಚಿಕ್ಕವಳಿದ್ದಾಗ ಬಂಡಿಯಿಂದ ಬಿದ್ದು ಎಡಗೈ ಮುರಿದುಕೊಂಡಿದ್ದಳು. ಎಲುಬು ನೆಟ್ಟಗೆ ಕೂಡಲಿಲ್ಲ. ಆ ಕೈ ಭಾರ ತಡೆಯುತ್ತಿರಲಿಲ್ಲವೆಂದು ಮನೆಯವರು ಅವಳನ್ನು ಜೋಳದ ಹೊಲದಲ್ಲಿ ಹಕ್ಕಿ ಕಾಯಲು ಕಳಿಸುತ್ತಿದ್ದರು. ಅಟ್ಟದ ಮೇಲೆ ನಿಂತು ಅವಳು ಕೂಗಿದರೆ ಹಳ್ಳದಾಚೆಯ ಹೊಲದ ಗಿಳಿಗಳೂ ಏಳುತ್ತಿದ್ದವು. ನಾನು ಅವಳನ್ನು ಕಂಡದ್ದು ಅವಳ ತಲೆ ಪೂರಾ ನೆರೆತ ಮೇಲೆ. ಆಗಲೂ ಅವಳು ಪಕ್ಕದಲ್ಲಿ ಕೂತು ಮಾತಾಡಿದರೆ ನನ್ನ ಎದೆಗೂಡು ಗುಂಯ್ ಎನ್ನುತ್ತಿತ್ತು.

ಮುನಿರಾಬಾದಿನ ಹತ್ತಿರ ತುಂಗಭದ್ರೆಗೆ ಅಣೆಕಟ್ಟು ಕಟ್ಟಲು ಶುರುವಾದ ಕಾಲ. ಗಂಡ ಸತ್ತ ವರ್ಷವೇ ಹಂಪವ್ವ ಊರಿನ ಹೆಂಗಸರ ಜೊತೆ ಕೂಲಿ ಕೇಳಿಕೊಂಡು ಅಲ್ಲಿಗೆ ಹೋದಳು. ದಿಬ್ಬ ಏರಿ ನೋಡಿದವಳು ನಿಂತಲ್ಲೇ ನಿಂತುಬಿಟ್ಟಳು. ಕೆಳಗೆ ನದಿಯ ಪಾತ್ರದಲ್ಲಿ ಸಾವಿರಾರು ಮಂದಿ ಇರುವೆಯಂತೆ ಹರಿದಾಡುತ್ತಿದ್ದರು. ಇಷ್ಟು ಜನ ಸೇರಿ ನೀರನ್ನೇ ನಿಲ್ಲಿಸುತ್ತಾರಂತೆ!

ಬೇವಿನ ನೆರಳಲ್ಲಿ ಮೇಸ್ತ್ರಿ ದೇವೇಂದ್ರಪ್ಪ ಆಳುಗಳನ್ನು ಆರಿಸುತ್ತಿದ್ದ. ಕಲ್ಲು ಹೊರುವವರನ್ನು ಒಂದು ಕಡೆ ನಿಲ್ಲಿಸಿ, ಪ್ರತಿಯೊಬ್ಬರಿಗೂ ತುಂಬಿದ ಬುಟ್ಟಿ ಎತ್ತಿಸಿ ನೋಡುತ್ತಿದ್ದ. ನಡುನಡುವೆ, "ಮದ್ದು ಇಟ್ಟು ಕಲ್ಲು ಹಾರಸೋ ಸುರಂಗದ ಕಡಿ ಕೆಂಪು ನಿಶಾನಿ ಹಿಡಿಯೋ ಆಳೂ ಬೇಕಾಗ್ಯಾನ. ಗಟ್ಟಿ ದನಿ ಇದ್ದವ್ರು ಯಾರಾರ ಇದ್ರ ಹೇಳ್ರಿ" ಎಂದು ಕೂಗುತ್ತಿದ್ದ.

ಹಂಪವ್ವನ ಸರದಿ ಬಂತು. ಬುಟ್ಟಿ ಮೊಣಕಾಲ ತನಕ ಬಂದು ಜಾರಿತು.

"ಆಗಂಗಿಲ್ಲ ಯವ್ವಾ. ಕಲ್ಲು ಕಾಲಮ್ಯಾಲ ಬಿದ್ರ ನನ್ನ ತಲಿಮ್ಯಾಲ ಬರ್ತೈತಿ. ಮನಿಗಿ ಹೋಗು."

ಹಿಂದಿನವಳು ಮುಂದೆ ಬಂದಳು. ಹಂಪವ್ವ ಪಕ್ಕಕ್ಕೆ ಸರಿದಳು, ಆದರೆ ಹೋಗಲಿಲ್ಲ.

"ಖರೆ ಐತ್ರಿ. ಕಲ್ಲು ನನ್ನ ಕೈಲಿ ಆಗಂಗಿಲ್ಲ, ಅದಕ್ಕ ಮತ್ತ ಕೇಳಂಗಿಲ್ಲ. ಆದ್ರ ನಿಶಾನಿ ಕೆಲಸ ಖಾಲಿ ಐತಿ ಅಂದ್ರೆಲ್ಲ? ಅದಕ್ಕ ನನ್ನ ನೋಡ್ರಿ. ನಿಶಾನಿ ಹಿಡಿಯಾಕ ಬಲಗೈ ಸಾಕು. ಒದರೂದು ನನಗ ರೂಢಿ ಐತ್ರಿ."

ಸುತ್ತಲಿನವರು ನಕ್ಕರು. ದೇವೇಂದ್ರಪ್ಪನೂ ನಕ್ಕ. "ಅದಕ್ಕ ಈ ತನಕ ಗಂಡಸರೇ ನಿಂತಾರ."

"ಹೆಂಗಸ್ರು ಬ್ಯಾಡ ಅಂತ ಹೇಳ್ಯಾರೇನ್ರಿ?"

ಅವನು ಗಡ್ಡ ಕೆರೆದುಕೊಂಡ. "ಹಂಗೇನ್ ಹೇಳಿಲ್ಲ. ಆದ್ರ ಅದು ನನ್ನ ಕೈಯಾಗಿಲ್ಲ ಯವ್ವಾ. ಸುರಂಗದ ಜಮಾದಾರ ಬಾಬಾಸಾಬ ಅದಾರ, ಅವ್ರು ಹ್ಞೂ ಅನ್ಬೇಕು. ನಾ ಕಳಿಸೀನಿ ಅಂತ ಹೇಳು."

ಬಾಬಾಸಾಬ ಗುಡ್ಡದ ಬುಡದಲ್ಲಿ, ಬಂಡೆಯ ತೂತುಗಳಿಗೆ ಮದ್ದು ತುಂಬಿಸುತ್ತಿದ್ದ. ಅವಳ ಮಾತು ಪೂರ್ತಿ ಕೇಳಿದ. ನಗಲಿಲ್ಲ.

"ಬತ್ತಿ ಹಚ್ಚಿದ ಮ್ಯಾಲ ಹೆದರಿ ಓಡಿದ್ರ?"

"ಎಲ್ಲಿ ನಿಂದರಸ್ತೀರೋ ಅಲ್ಲಿ ನಿಂತಿರ್ತೀನ್ರಿ."

"ಹಂಗಾರ ಇವತ್ತಿನದು ಪರೀಕ್ಷೆ. ದಾರಿ ಮ್ಯಾಲ ನಿಂತು ಮಂದೀನ ದೂರ ಕಳಿಸು. ಮದ್ದು ಹಾರಿದ ಮ್ಯಾಲೂ ನಾ ಬಂದು ನೋಡಿ ಕೈ ಬೀಸೂತನ ನಿಶಾನಿ ಇಳಸಬ್ಯಾಡ. ಯಾರು ಹೇಳಿದ್ರೂ ಇಳಸಬ್ಯಾಡ."

ಹಂಪವ್ವ ಬಂಡಿದಾರಿಯ ಮೇಲೆ ನಿಂತು ಕೆಂಪು ಬಟ್ಟೆಯ ನಿಶಾನಿ ಎತ್ತಿ ಕೂಗಿದಳು. "ಸುರಂಗ ಹಾರತೈತ್ರೋ! ದೂರ ಸರೀರ್ರೋ!" ದನಿ ಗುಡ್ಡಕ್ಕೆ ಬಡಿದು ಹೊಳೆಯುದ್ದಕ್ಕೂ ಹರಿಯಿತು. ಹಾರೆಗಳು ನಿಂತವು. ದೂರದ ಮಡುವಿನಲ್ಲಿ ಎಮ್ಮೆ ತೊಳೆಯುತ್ತಿದ್ದವರೂ ತಿರುಗಿ ನೋಡಿ, ಎಮ್ಮೆ ಹೊಡೆದುಕೊಂಡು ಮೇಲೆ ಹತ್ತಿದರು.

ಬತ್ತಿ ಹಚ್ಚಿದವರು ಓಡಿ ಬಂದು ಅಡಗಿದರು. ಒಂದಾದ ಮೇಲೊಂದು ಸದ್ದು. ಹಂಪವ್ವ ಕಣ್ಣು ಮುಚ್ಚಲಿಲ್ಲ. ಗುಡ್ಡದ ಮೈ ಎದ್ದಿತು, ಒಂದು ಗಳಿಗೆ ಗಾಳಿಯಲ್ಲೇ ನಿಂತಂತೆ ಕಂಡು, ಆಮೇಲೆ ಕುಸಿಯಿತು. ಹುಟ್ಟಿದಾಗಿನಿಂದ ಕಲ್ಲೆಂದರೆ ಅಲುಗಾಡದ್ದು ಎಂದು ತಿಳಿದವಳಿಗೆ ಕಾಲ ಕೆಳಗಿನ ನೆಲವೇ ಹೊಸದಾದಂತಾಯಿತು.

ಧೂಳು ಇಳಿಯಿತು. ಗುತ್ತೇದಾರನ ಕಡೆಯ ಕೊಟ್ರಪ್ಪ, ಕಲ್ಲು ತುಂಬಲು ಕಾದು ನಿಂತ ಬಂಡಿಗಳ ಸಾಲಿನ ಮುಂದೆ ಬಂದು, "ಎಲ್ಲಾ ಹಾರ್ಯಾವ, ನಿಶಾನಿ ಇಳಸು" ಎಂದ.

"ಜಮಾದಾರ್ರು ಕೈ ಬೀಸಿಲ್ರಿ."

"ನಿನ್ನ ಕೆಲಸಕ್ಕ ತಗೊಂಡಾರೂ ಇಲ್ಲ, ನನಗ ಹೇಳ್ತೀ?"

ಬಾಬಾಸಾಬ ಬಂಡೆಯ ಮರೆಯಲ್ಲೇ ಕೂತಿದ್ದ. ಹಚ್ಚಿದ ಬತ್ತಿಗಳ ಲೆಕ್ಕಕ್ಕೆ ಒಂದು ಸದ್ದು ಕಡಿಮೆಯಾಗಿತ್ತು, ಅವನು ಅದಕ್ಕೇ ಕಾಯುತ್ತಿದ್ದ. ಅದು ಹಂಪವ್ವನಿಗೆ ಗೊತ್ತಿರಲಿಲ್ಲ. ಕೊಟ್ರಪ್ಪ ಎತ್ತುಗಳನ್ನು ಹೊಡೆಯಲು ಹೇಳಿದಾಗ ಅವಳು ಬಂಡಿಯ ಮುಂದೆಯೇ ಅಡ್ಡ ನಿಂತಳು. ಎತ್ತಿನ ಬಿಸಿಯುಸಿರು ಮುಖಕ್ಕೆ ತಾಗುತ್ತಿತ್ತು. ಅವಳು ಕೂಗಿದಳು: "ಹಿಂದಕ್ಕ!"

ಎತ್ತುಗಳೇ ಹಿಂದೆ ಸರಿದವು.

ಅಷ್ಟರಲ್ಲಿ ಉಳಿದಿದ್ದ ಮದ್ದು ಸಿಡಿಯಿತು. ಆಳೆತ್ತರದ ಕಲ್ಲೊಂದು ಹಾರಿ, ಬಂಡಿಗಳು ಹೋಗಿ ನಿಲ್ಲಬೇಕಿದ್ದ ಜಾಗದಲ್ಲಿ ಬಿದ್ದು ಎರಡಾಯಿತು. ಕೊಟ್ರಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಆ ಕಲ್ಲನ್ನೇ ನೋಡುತ್ತ ನಿಂತ.

ಬಹಳ ಹೊತ್ತಿನ ಮೇಲೆ ಬಾಬಾಸಾಬ ಒಬ್ಬನೇ ಹೋಗಿ ಎಲ್ಲ ತೂತುಗಳನ್ನು ನೋಡಿ ಬಂದು ಕೈ ಬೀಸಿದ. ಹಂಪವ್ವ ನಿಶಾನಿ ಇಳಿಸಿದಳು.

"ನಾಳಿ ಹೊತ್ತು ಏರೂದ್ರಾಗ ಬಾ ತಂಗೀ" ಎಂದ ಬಾಬಾಸಾಬ. "ಈ ಜಾಗಾ ನಿಂದು."

ಅವಳು ಅಲ್ಲಿ ವರ್ಷಗಟ್ಟಲೆ ನಿಂತಳು. ಸಂಜೆ ಕೆಲಸ ಬಿಟ್ಟ ಮೇಲೂ ಅವಳು ಬೇಗ ಗುಡಿಸಿಲಿಗೆ ಹೋಗುತ್ತಿರಲಿಲ್ಲವಂತೆ. ದಿಬ್ಬದ ಮೇಲೆ ಕೂತು, ನದಿಯಲ್ಲಿ ಕಲ್ಲಿನ ಮೇಲೆ ಕಲ್ಲು ಏಳುವುದನ್ನು ನೋಡುತ್ತಿದ್ದಳಂತೆ.