ಚಿತ್ರದ ಕೆಳಗಿನ ಸಾಲುಗಳು

ನಾನು ಕೆಲಸ ಮಾಡುವುದು ಕಿವಿ ಮತ್ತು ಕೇಳುವಿಕೆಯ ಬಗ್ಗೆ ಸಂಶೋಧನೆ ನಡೆಸುವ ಒಂದು ಸಣ್ಣ ಲ್ಯಾಬಿನಲ್ಲಿ. ನಮ್ಮ ಪ್ರಬಂಧವೊಂದು ಪ್ರಕಟವಾದರೆ ಅದರ ಸಾರವನ್ನು ಸಾಮಾನ್ಯ ಜನರಿಗೆ ತಿಳಿಯುವ ಹಾಗೆ ಬರೆದು ಲ್ಯಾಬಿನ ಫೇಸ್‌ಬುಕ್ ಪುಟಕ್ಕೆ ಹಾಕುವುದು ರೂಢಿ. ಒಂದು ಚಿತ್ರ, ಅದರ ಕೆಳಗೆ ಏಳೆಂಟು ಸಾಲಿನ ಕ್ಯಾಪ್ಷನ್. ಕನ್ನಡದ ಕ್ಯಾಪ್ಷನ್ ಬರೆಯುವ ಕೆಲಸ ಹೇಗೋ ನನ್ನ ಪಾಲಿಗೆ ಬಂದು ಅಲ್ಲೇ ಉಳಿದುಬಿಟ್ಟಿತ್ತು.

ಹೆಬ್ಬಾಳದ ಕಾರ್ಖಾನೆಯೊಂದರ ಕಾರ್ಮಿಕರ ಕೇಳುವಿಕೆಯ ಮೇಲೆ ನಾವು ಮಾಡಿದ ಅಧ್ಯಯನ ಪ್ರಕಟವಾದಾಗ ಮಾತ್ರ ಆ ಏಳೆಂಟು ಸಾಲು ನನ್ನ ನಿದ್ದೆ ಕೆಡಿಸಿದವು.

ಅಧ್ಯಯನ ಶುರುವಾಗಿದ್ದು ಒಬ್ಬ ಹೆಂಗಸಿನ ದೂರಿನಿಂದ. ಆಕೆ ತಗಡು ಒತ್ತುವ ಯಂತ್ರಗಳ ವಿಭಾಗದಲ್ಲಿ ಬಹಳ ವರ್ಷಗಳಿಂದ ಕೆಲಸಕ್ಕಿದ್ದವರು. ನಮ್ಮಲ್ಲಿಗೆ ಕಿವಿ ತೋರಿಸಲು ಬಂದಿದ್ದರು. ಸದ್ದು ಹೊರಗಿನಿಂದ ಬರದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸಣ್ಣ ಸಣ್ಣ ಸ್ವರ ಕೇಳಿಸಿದಾಗಲೆಲ್ಲ ಗುಂಡಿ ಒತ್ತಲು ಹೇಳಿದೆ. ಫಲಿತಾಂಶದಲ್ಲಿ ಯಾವ ದೋಷವೂ ಇರಲಿಲ್ಲ. ‘ನಿಮ್ಮ ಕಿವಿ ಚೆನ್ನಾಗಿದೆ’ ಎಂದೆ. ಆಕೆಗೆ ಸಮಾಧಾನವಾಗಲಿಲ್ಲ.

“ಎಲ್ಲರೂ ಇದನ್ನೇ ಹೇಳ್ತಾರೆ ಮೇಡಂ. ಮನೇಲಿ ಒಬ್ರು ಮಾತಾಡಿದ್ರೆ ಕೇಳ್ತದೆ. ಬಸ್ಸಲ್ಲಿ, ಮದ್ವೆ ಮನೇಲಿ, ನಾಕು ಜನ ಸೇರಿದ್ ಕಡೆ ಏನೂ ತಿಳಿಯಕಿಲ್ಲ. ಎಲ್ಲರೂ ನಗ್ತಾರೆ ಅಂತ ನಾನೂ ನಗ್ತೀನಿ. ನಮ್ಮ ಯಜಮಾನ್ರು ಅಂತಾರೆ, ನಿನ್ಗೆ ಕಿವಿ ಸರಿಯಾಗೇ ಅದೆ, ಗಮನ ಇಲ್ಲ ಅಷ್ಟೇ ಅಂತ.”

ಈ ಮಾತನ್ನು ನಾನು ನಮ್ಮ ಲ್ಯಾಬಿನ ಮುಖ್ಯಸ್ಥರಿಗೆ ಹೇಳಿದೆ. ನಾವೆಲ್ಲ ಅವರನ್ನು ಸರ್ ಎಂದೇ ಕರೆಯುವುದು. ಅವರಿಗೂ ಇದು ತಲೆಯಲ್ಲಿ ಕೂತಿತು. ಮುಂದೆ ಕಾರ್ಖಾನೆಯದೂ ಸೇರಿ ಅನುಮತಿಗಳೆಲ್ಲ ಸಿಕ್ಕಿ ಅಧ್ಯಯನ ನಡೆಯಿತು. ಆ ಹೆಂಗಸು, ಅವರನ್ನು ನಾನಾಗಲೇ ಅಕ್ಕ ಎಂದು ಕರೆಯಲು ಶುರುಮಾಡಿದ್ದೆ, ತಮ್ಮ ವಿಭಾಗದವರನ್ನು ಒಪ್ಪಿಸಿ ಕರೆತಂದರು. ಯಂತ್ರದ ಸದ್ದಿನಿಂದ ಕಿವಿ ವಿಶ್ರಾಂತಿ ಪಡೆದಿರಬೇಕಾದ್ದರಿಂದ ವಾರದ ರಜೆಯ ದಿನವೇ ಬರಬೇಕಿತ್ತು. ಮನೆಗೆಲಸ ಬಿಟ್ಟು ಬಂದರು. ಸ್ವರಗಳ ಪರೀಕ್ಷೆಯಲ್ಲಿ ಸರಿಯಾಗಿದ್ದವರಿಗೆ ಇನ್ನೊಂದು ಪರೀಕ್ಷೆ: ಹಿಂದೆ ಹಲವರು ಗಿಜಿಗಿಜಿ ಮಾತಾಡುವ ಸದ್ದು, ಅದರ ನಡುವೆ ಒಂದು ವಾಕ್ಯ. ಕೇಳಿಸಿದ್ದನ್ನು ತಿರುಗಿ ಹೇಳಬೇಕು. ಅದೇ ವಯಸ್ಸಿನ, ಸದ್ದಿಲ್ಲದ ಕಚೇರಿಗಳಲ್ಲಿ ಕೆಲಸ ಮಾಡುವವರಿಗೂ ಇದನ್ನೇ ಮಾಡಿದೆವು. ಒಟ್ಟಾರೆಯಾಗಿ ಕಾರ್ಖಾನೆಯವರಿಗೆ ಇದು ಹೆಚ್ಚು ಕಷ್ಟವಾಗಿತ್ತು.

ಅಷ್ಟೇ ನಮಗೆ ಗೊತ್ತಾಗಿದ್ದು. ಒಂದೇ ಸಲ ಪರೀಕ್ಷಿಸಿದ್ದರಿಂದ, ಯಂತ್ರದ ಸದ್ದೇ ಇದಕ್ಕೆ ಕಾರಣ ಎಂದು ಖಚಿತವಾಗಿ ಹೇಳುವ ಹಾಗಿರಲಿಲ್ಲ. ಗುಂಪಿನ ಸರಾಸರಿಯನ್ನು ಹಿಡಿದು ಇಂಥವರಿಗೆ ತೊಂದರೆಯಿದೆ ಎಂದು ಬೆರಳು ತೋರಿಸುವುದಂತೂ ಆಗದು.

ವಿದ್ಯಾರಣ್ಯಪುರಂನ ಮನೆಯಲ್ಲಿ ಕೂತು ಮೊದಲ ಕರಡು ಬರೆದು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ ಕೇಳಿಸಿಕೊಂಡರು.

“ಹಂಗಾದ್ರೆ ಆ ಹೆಂಗಸರಿಗೆ ಕಿವಿ ಕೇಳ್ಸಲ್ವೇನೇ?”

“ಅಯ್ಯೋ, ಕೇಳ್ಸುತ್ತಮ್ಮ. ಅದನ್ನೇ ಅಲ್ವಾ ಬರೆದಿರೋದು.”

“ನೀನು ಬರೆದಿರೋದು ನಿನಗೆ ಗೊತ್ತು ಕಣೇ. ನಂಗೆ ಹಂಗೇ ಅನ್ನಿಸ್ತು.”

ಸಿಟ್ಟು ಬಂತು. ಆದರೂ ಕೂತು ತಿದ್ದಿದೆ. ‘ಶ್ರವಣ ಸಾಮರ್ಥ್ಯದ ಕೊರತೆ’ ಎಂದಿದ್ದುದನ್ನು ತೆಗೆದೆ. ‘ಅಧ್ಯಯನವು ಸೂಚಿಸುತ್ತದೆ’ ತೆಗೆದೆ. ಎರಡು ದಿನ ಬರೆದು ಅಳಿಸಿ, ಕೊನೆಗೆ ಉಳಿದದ್ದು ಹೀಗಿತ್ತು:

‘ಕಿವಿಯ ಪರೀಕ್ಷೆಯಲ್ಲಿ ಎಲ್ಲವೂ ಸರಿಯಿದೆ, ಆದರೂ ಗದ್ದಲದಲ್ಲಿ ಮಾತು ತಿಳಿಯುವುದಿಲ್ಲ. ನಿಮಗೂ ಹೀಗಾಗಿದೆಯೇ? ಇದು ಬರೀ ಗಮನದ ಕೊರತೆ ಇರಲಿಕ್ಕಿಲ್ಲ. ಹೆಚ್ಚು ಸದ್ದಿರುವ ಕಡೆ ಕೆಲಸ ಮಾಡುವವರನ್ನೂ ಸದ್ದಿಲ್ಲದ ಕಡೆ ಕೆಲಸ ಮಾಡುವವರನ್ನೂ ನಾವು ಪರೀಕ್ಷಿಸಿದೆವು. ಎಲ್ಲರಿಗೂ ಸಣ್ಣ ಸ್ವರಗಳು ಚೆನ್ನಾಗಿಯೇ ಕೇಳಿಸುತ್ತಿದ್ದವು. ಗದ್ದಲದ ನಡುವೆ ಮಾತನ್ನು ಹಿಡಿಯುವುದು ಮಾತ್ರ ಮೊದಲ ಗುಂಪಿಗೆ ಸರಾಸರಿಯಲ್ಲಿ ಹೆಚ್ಚು ಕಷ್ಟವಾಯಿತು. ಸದ್ದೇ ಇದಕ್ಕೆ ಕಾರಣ ಎಂದು ಈ ಒಂದು ಅಧ್ಯಯನದಿಂದ ಹೇಳಲಾಗದು. ಸದ್ದಿನಲ್ಲಿ ದುಡಿಯುವ ಎಲ್ಲರಿಗೂ ಹೀಗಾಗುತ್ತದೆ ಎಂದೂ ಅಲ್ಲ. ಇಂಥ ತೊಂದರೆಯಿದ್ದರೆ ಪರೀಕ್ಷೆ ಮಾಡುವವರಿಗೆ ಬಾಯಿಬಿಟ್ಟು ಹೇಳಿ. ಪ್ರಬಂಧದ ಕೊಂಡಿ ಕೆಳಗಿದೆ.’

ಕಾರ್ಖಾನೆಯ ಸುಳಿವಾಗಲಿ ಹೆಬ್ಬಾಳದ ಹೆಸರಾಗಲಿ ಅದರಲ್ಲಿ ಇರಲಿಲ್ಲ. ಸರ್ ಓದಿ, “ಚೆನ್ನಾಗಿದೆ, ಉದ್ದ ಆಯ್ತು, ಇರಲಿ” ಎಂದರು. ನಾನು ಹಗುರಾಗಿ ಮನೆಗೆ ಹೋದೆ.

ಮರುದಿನ ಪುಟ ತೆರೆದು ನೋಡಿದರೆ ನನ್ನ ಸಾಲುಗಳು ಒಂದಕ್ಷರ ಬದಲಾಗದೆ ಅಲ್ಲೇ ಇದ್ದವು. ಅವುಗಳ ಮೇಲೆ ಸರ್ ಮಾಡಿಸಿ ಹಾಕಿದ್ದ ಚಿತ್ರವನ್ನು ನಾನು ನೋಡಿದ್ದು ಆಗಲೇ. ಯಂತ್ರದ ಮುಂದೆ ನಿಂತ ಹೆಂಗಸೊಬ್ಬಳ ರೇಖಾಚಿತ್ರ, ಮೂಲೆಯಲ್ಲಿ ಲ್ಯಾಬಿನ ಹೆಸರು, ಮೇಲೆ ದಪ್ಪ ಅಕ್ಷರಗಳಲ್ಲಿ: ‘ಕಾರ್ಖಾನೆಯ ಸದ್ದು: ಕಾರ್ಮಿಕರಲ್ಲಿ ಪತ್ತೆಯಾಗದ ಕಿವುಡು!’

ಸರ್ ಕೋಣೆಗೆ ಓಡಿದೆ.

“ಸರ್, ಇದು ನಾವು ಕಂಡದ್ದಲ್ಲ. ಕಿವುಡು ಅನ್ನೋ ಮಾತೇ ಪ್ರಬಂಧದಲ್ಲಿ ಇಲ್ಲ.”

“ಚಿತ್ರದ ಮೇಲೆ ಅಷ್ಟೆಲ್ಲ ಬರೆಯೋಕೆ ಜಾಗ ಎಲ್ಲಿದೆ? ಜನ ನಿಂತು ನೋಡ್ಬೇಕಲ್ವಾ ಮೊದಲು. ಕೆಳಗೆ ನೀವು ಎಲ್ಲಾನೂ ಸರಿಯಾಗಿ ಬರೆದಿದ್ದೀರಲ್ಲ.”

“ಕೆಳಗಿಂದು ಓದ್ದೇ ಇದ್ರೆ?”

ಅವರು ಉತ್ತರ ಕೊಡುವ ಮೊದಲೇ ಅವರ ಫೋನು ರಿಂಗಾಯಿತು. ಯಾರೋ ಹಿರಿಯರು ಅಭಿನಂದನೆ ಹೇಳುತ್ತಿದ್ದರು. ನಮ್ಮ ಲ್ಯಾಬಿನ ಯಾವ ಪ್ರಬಂಧವನ್ನೂ ಜನ ಇಷ್ಟು ಹಂಚಿಕೊಂಡಿರಲಿಲ್ಲ. ಸರ್ ಮುಖದಲ್ಲಿ ಎಷ್ಟೋ ವರ್ಷಗಳ ದುಡಿಮೆಗೆ ಕೊನೆಗೂ ಯಾರೋ ತಿರುಗಿ ನೋಡಿದರು ಎಂಬ ಸಂತೋಷ ಇತ್ತು. ಅದನ್ನು ನೋಡಿ ನಾನು ವಾಪಸಾದೆ.

ಆ ವಾರ ಚಿತ್ರ ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೂ ಬಂತು. ಚಿತ್ರವಷ್ಟೇ ಬಂತು. ಫಾರ್ವರ್ಡ್ ಮಾಡಿದವರು ಚಿತ್ರವನ್ನು ಮಾತ್ರ ಉಳಿಸಿಕೊಂಡು ಕಳಿಸಿದ್ದರು, ನನ್ನ ಸಾಲುಗಳು ಫೇಸ್‌ಬುಕ್‌ನಲ್ಲೇ ಉಳಿದಿದ್ದವು. ಅಮ್ಮ ಫೋನು ಹಿಡಿದುಕೊಂಡು ಬಂದು, “ಇದು ನಿಮ್ಮದೇ ಅಲ್ವೇನೇ? ನೋಡು, ಕಿವುಡು ಅಂತಾನೇ ಹಾಕಿದ್ದಾರೆ” ಎಂದರು.

ಅಕ್ಕನ ಫೋನು ಬಂದಿದ್ದು ಅದಾದ ಮೇಲೆ. ಸದ್ದಿರುವ ಜಾಗದಿಂದ ಮಾತಾಡುತ್ತಿದ್ದರು, ನಾನು ಹೇಳಿದ್ದನ್ನೆಲ್ಲ ಎರಡೆರಡು ಸಲ ಹೇಳಬೇಕಾಯಿತು.

“ಮೇಡಂ, ನಮ್ ಸೂಪರ್‌ವೈಜರ್ ಫೋನಲ್ಲಿ ಬಂದ್ಬುಟ್ಟದೆ ಅದು. ಯಾರ್ಯಾರು ಟೆಸ್ಟಿಗೆ ಹೋಗಿದ್ರಿ ಅಂತ ಕೇಳಿದ್ರು. ಎಲ್ಲಾ ಸುಮ್ಕಿದ್ರು. ನಾನೇ ಹೋಗಿದ್ದೆ ಅಂತ ಹೇಳ್ಬುಟ್ಟೆ. ಸುಳ್ಳು ಎಂಗೆ ಹೇಳದು?”

“ಏನಂದ್ರು ಅಕ್ಕ?”

“ಕಿವಿ ಕೇಳ್ದೇ ಇರೋರು ಯಂತ್ರದ ಮುಂದೆ ನಿಂತ್ರೆ ಅಪಾಯ, ನಾಳೆಯಿಂದ ಪ್ಯಾಕಿಂಗಿಗೆ ಹೋಗಮ್ಮ ಅಂದ್ರು. ಮೇಡಂ, ನಂಗೆ ಕಿವಿ ಸರಿಯಾಗದೆ ಅಂತ ನೀವೇ ಅಲ್ವಾ ಹೇಳಿದ್ದು?”

ಫೋನಿನಲ್ಲಿ ಸರಾಸರಿ ಎಂದರೇನು ಎಂದು ವಿವರಿಸಲು ಹೊರಟೆ. ಅರ್ಧಕ್ಕೆ ನಿಲ್ಲಿಸಿದೆ. ಆಕೆ ಕೇಳುತ್ತಿದ್ದುದು ಅದನ್ನಲ್ಲ.

ಇನ್ನೊಂದು ತೊಡಕಿತ್ತು. ಅಧ್ಯಯನದಲ್ಲಿ ಯಾರ್ಯಾರು ಭಾಗವಹಿಸಿದ್ದರು ಎಂಬುದನ್ನು ನಾವು ಯಾರಿಗೂ ಹೇಳುವಂತಿಲ್ಲ, ಕಾರ್ಖಾನೆಗಂತೂ ಹೇಳಲೇಬಾರದು. ‘ಆಕೆಯನ್ನು ತಿರುಗಿ ಹಳೆಯ ಜಾಗಕ್ಕೆ ಹಾಕಿ’ ಎಂದು ನಾನೇ ಹೋಗಿ ಕೇಳಿದರೆ ಎಲ್ಲರಿಗೂ ಕೊಟ್ಟ ಮಾತು ಮುರಿದಂತೆ. ಅಕ್ಕನನ್ನೇ ಕೇಳಿದೆ. “ನಾನೇ ಹೇಳ್ಕೊಂಡಿದ್ದೀನಲ್ಲ ಮೇಡಂ, ನನ್ ಹೆಸ್ರು ಹೇಳಿ. ಮಿಕ್ಕವರದ್ದು ಬ್ಯಾಡ” ಎಂದರು. ಆ ಒಪ್ಪಿಗೆಯನ್ನು ಅವರು ಲ್ಯಾಬಿಗೆ ಬಂದು ಬರೆದುಕೊಟ್ಟರು.

ಅವರು ಬಂದಾಗ ಸರ್ ಕೂಡ ಇದ್ದರು. ಅಕ್ಕ ಜೋರು ಮಾಡಲಿಲ್ಲ, ಅಳಲೂ ಇಲ್ಲ. ಫೋನು ತೆಗೆದು ಆ ಚಿತ್ರವನ್ನು ಸರ್ ಮುಂದಿಟ್ಟು, “ಇದ್ರಲ್ಲಿ ಇರೋದು ನಾನೇನಾ ಸಾರ್?” ಎಂದಷ್ಟೇ ಕೇಳಿದರು. ಸರ್ “ಇಲ್ಲಮ್ಮ, ಇದು ಸುಮ್ಮನೆ ಬರೆದ ಚಿತ್ರ” ಎಂದರು. ಹೇಳುವಾಗ ಅವರ ಧ್ವನಿ ಇಳಿದಿತ್ತು.

ಅಂದೇ ಸಂಜೆ ಸರ್ ನನ್ನನ್ನು ಕರೆದು ಹೊಸ ಚಿತ್ರ ಮಾಡಿಸಲು ಹೇಳಿದರು. ಚಿತ್ರದ ಮೇಲೇ ಬರೆದೆವು: ‘ಗದ್ದಲದಲ್ಲಿ ಮಾತು ತಿಳಿಯುವುದಿಲ್ಲವೇ? ಅದು ಕಿವುಡೂ ಅಲ್ಲ, ಅಸಡ್ಡೆಯೂ ಅಲ್ಲದೆ ಇರಬಹುದು.’ ಹಳೆಯದನ್ನು ತೆಗೆದು, ಏಕೆ ತೆಗೆದೆವು ಎಂಬುದನ್ನು ಹೊಸ ಕ್ಯಾಪ್ಷನ್ನಿನ ಮೊದಲ ಸಾಲಿನಲ್ಲೇ ಹಾಕಿದೆವು: ‘ಮೊದಲಿನ ಚಿತ್ರದ ಮೇಲೆ ಬರೆದದ್ದು ತಪ್ಪು. ನಮ್ಮ ಅಧ್ಯಯನ ಯಾರಲ್ಲೂ ಕಿವುಡನ್ನು ಕಂಡಿಲ್ಲ.’ ‘ತಪ್ಪು’ ಎಂಬ ಮಾತನ್ನು ಸರ್ ಮೊದಲು ‘ಅಸ್ಪಷ್ಟ’ ಎಂದು ತಿದ್ದಿದ್ದರು. ಆಮೇಲೆ ತಾವೇ ಅಳಿಸಿ ‘ತಪ್ಪು’ ಎಂದೇ ಬರೆದರು.

ಅದನ್ನು ಹಂಚಿಕೊಂಡವರು ಬೆರಳೆಣಿಕೆಯಷ್ಟು ಮಂದಿ. ಹಳೆಯ ಚಿತ್ರ ಮಾತ್ರ ವಾಟ್ಸಾಪಿನಲ್ಲಿ ಓಡಾಡುತ್ತಲೇ ಇತ್ತು. ಬನ್ನಿಮಂಟಪದಲ್ಲಿರುವ ನಮ್ಮ ಚಿಕ್ಕಮ್ಮ ಅದನ್ನು ನನಗೇ ಕಳಿಸಿ, ಕಿವಿ ಜೋಪಾನ ಕಣಮ್ಮ ಎಂದು ಬರೆದಿದ್ದರು.

ಸರ್ ಮತ್ತು ನಾನು ಕಾರ್ಖಾನೆಗೂ ಹೋದೆವು. ಅಲ್ಲಿನ ವೈದ್ಯರು ಒಳ್ಳೆಯ ಮನುಷ್ಯರು, ಸಮಾಧಾನದಿಂದ ಕೇಳಿಸಿಕೊಂಡರು. ಅಧ್ಯಯನವನ್ನು ನೋಡಿ ಯಾರನ್ನೂ ಕೆಲಸದಿಂದ ಬದಲಿಸಬಾರದು, ಅನುಮಾನವಿದ್ದರೆ ಆಯಾ ವ್ಯಕ್ತಿಯನ್ನು ಪರೀಕ್ಷಿಸಬೇಕು, ಎಲ್ಲಕ್ಕಿಂತ ಮೊದಲು ಸದ್ದನ್ನು ತಗ್ಗಿಸಬೇಕು, ಕಿವಿಗೆ ಹಾಕುವ ರಕ್ಷಣೆ ಸರಿಯಾಗಿ ಕೂರುತ್ತದೆಯೇ ನೋಡಬೇಕು ಎಂದು ಸರ್ ಹೇಳಿದರು. ವೈದ್ಯರು ಒಪ್ಪಿದರು. ಬೇರೆ ಯಾರನ್ನೂ ಬದಲಿಸಲಿಲ್ಲ. ಎಲ್ಲರಿಗೂ ಕಿವಿಗೆ ಹೊಸ ರಕ್ಷಣೆ ಕೊಟ್ಟರು ಎಂದೂ ಆಮೇಲೆ ತಿಳಿಯಿತು. ಅಕ್ಕನ ಜಾಗಕ್ಕೆ ಮಾತ್ರ ಆಗಲೇ ಬೇರೆಯವರು ಬಂದಾಗಿತ್ತು. ನೋಡೋಣ ಎಂದರು. ಆ ನೋಡೋಣ ಅಲ್ಲಿಗೇ ನಿಂತಿತು.

ಕೆಲವು ತಿಂಗಳ ಮೇಲೆ ಅಕ್ಕ ಬಸ್ಸಿನಲ್ಲಿ ಸಿಕ್ಕರು. ಪಕ್ಕದಲ್ಲಿ ಜಾಗ ಮಾಡಿ ಕೂರಿಸಿಕೊಂಡರು. ಪ್ಯಾಕಿಂಗ್ ಹೇಗಿದೆ ಎಂದು ಹೆದರುತ್ತಲೇ ಕೇಳಿದೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದುದರಿಂದ ಅವರ ಕಡೆ ಪೂರ್ತಿ ತಿರುಗಿ ಇನ್ನೊಮ್ಮೆ ಕೇಳಿದೆ.

“ಅಲ್ಲಿ ಸದ್ದಿಲ್ಲ ಮೇಡಂ. ಸೂಜಿ ಬಿದ್ರೂ ಕೇಳ್ತದೆ. ಎಲ್ಲಾ ಹೊಸ ಹುಡ್ಗೀರು, ಅವರವರೇ ಮಾತಾಡ್ಕತಾರೆ. ಯಂತ್ರದ ಹತ್ರ ಇದ್ದಾಗ ಬಾಯಿ ನೋಡ್ಕಂಡೇ ಇಡೀ ದಿನ ಮಾತಾಡ್ತಿದ್ವಿ ನಾವು. ಅವ್ರ ಮಾತು ನಂಗೆ, ನನ್ ಮಾತು ಅವ್ರಿಗೆ, ಯಾರಿಗೂ ಯಾರ್ದೂ ಕೇಳಿಸ್ತಿರ್ಲಿಲ್ಲ, ಎಲ್ಲಾ ತಿಳೀತಿತ್ತು.”

ಆಮೇಲೆ, “ನಮ್ಮ ಯಜಮಾನ್ರು ಈಗ ಗಮನ ಇಲ್ಲ ಅನ್ನಕಿಲ್ಲ ಕಣ್ರೀ. ನನ್ ಎದುರು ಬಂದು ನಿಂತ್ಕಂಡು ಮಾತಾಡ್ತಾರೆ” ಎಂದರು. ಚಿತ್ರದ ಕೆಳಗೆ ನೀವು ಬರೆದ ಉದ್ದನೆಯದನ್ನು ಮಗಳ ಕೈಲಿ ಓದಿಸಿದೆ, ಎರಡು ಸಲ ಓದಿಸಿದೆ ಎಂದೂ ಹೇಳಿದರು. ಅಷ್ಟರಲ್ಲಿ ಅವರ ಸ್ಟಾಪು ಬಂತು. ಇಳಿಯುವಾಗ ಏನೋ ಹೇಳಿದರು. ಎಂಜಿನ್ನಿನ ಸದ್ದಿನಲ್ಲಿ ನನಗದು ತಿಳಿಯಲಿಲ್ಲ, ತಲೆಯಾಡಿಸಿದೆ.