ಗಾಳಿ ಬೆಳಕಿನ ಭವ್ಯ ಫ್ಲ್ಯಾಟ್

ನೋಯ್ಡಾದ ವೆಬ್‌ಸೈಟೊಂದರಲ್ಲಿ ಬಾಡಿಗೆ ಮನೆಗಳ ಜಾಹೀರಾತು ತಿದ್ದುವ ಕೆಲಸ ನನ್ನದು. ‘ಸುಂದರ’, ‘ಭವ್ಯ’ ಕಂಡರೆ ಮೈ ಉರಿಯುತ್ತಿತ್ತು. ಅಳಿಸಿ, ದಲ್ಲಾಳಿಗೆ ಫೋನು ಮಾಡಿ ನಿಜಾಂಶ ಕೇಳಿ ಬರೆಯುತ್ತಿದ್ದೆ.

ಒಂದು ಮಧ್ಯಾಹ್ನ ದೆಹಲಿಯ ಲಕ್ಷ್ಮೀ ನಗರದ ‘ಗಾಳಿ ಬೆಳಕಿನ ಭವ್ಯ ಫ್ಲ್ಯಾಟ್’ ಬಂತು. ಕಿಟಕಿ ಎಷ್ಟಿವೆ ಎಂದು ಕೇಳಿದೆ.

“ಒಳಗೇ ಇದ್ದೀನಿ ಮೇಡಂ. ಒಂದೇ ಕಿಟಕಿ. ಕೈ ಚಾಚಿದ್ರೆ ಪಕ್ಕದ ಮನೆ ಗೋಡೆ.”

ಹಾಗೆಯೇ ಬರೆದುಕೊಂಡೆ. “ಮನೆ ಖಾಲಿ ಇದೆಯಾ?”

“ಒಬ್ಳು ಮದ್ರಾಸಿ ಹುಡುಗಿ ಇದ್ದಾಳೆ. ಗೋಡೆ ಮೇಲೆ ಅವಳ ಭಾಷೆಯ ಕ್ಯಾಲೆಂಡರ್. ಓನರ್ ಇನ್ನೂ ಅವಳಿಗೆ ಹೇಳಿಲ್ಲ, ಬೀಗದ ಕೈ ನನಗೆ ಕೊಟ್ಟಿದ್ದಾರೆ. ಎಂಟರೊಳಗೆ ಅವಳು ಬರೋದಿಲ್ಲ.”

ಫೋನಿನಲ್ಲಿ ಫ್ಯಾನು ಕಟಕಟ ಎನ್ನುತ್ತಿತ್ತು. ದಿನವೂ ನಾನು ನಿದ್ದೆ ಹೋಗುತ್ತಿದ್ದುದು ಅದೇ ಸದ್ದಿನಲ್ಲಿ.

“ಹಾಸಿಗೆ ಮೆತ್ತಗಿದೆ ಮೇಡಂ,” ಎಂದ. “ಅದನ್ನೂ ಬರ್ಕೊಳ್ಳಿ.”