ಇನ್ನೂರು ಪದಗಳ ಪಟ್ಟಿ

ಎಕ್ಸ್‌ರೇ ಕೋಣೆಯಲ್ಲಿ ಮೂವತ್ತು ವರ್ಷ ಸವೆಸಿದ ಸಿಡುಕಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಕೆಲಸಕ್ಕೆ ಸೇರಿದ್ದ ಬೇರೆ ಭಾಷೆಯ ಹೊಸ ಹುಡುಗಿಗೆ ಆಸ್ಪತ್ರೆಯ ಅಧಿಕಾರಿ ಇನ್ನೂರು ಬಿಡಿ ಕನ್ನಡ ಪದಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಿದ್ದ. ಅವಳು ಅದರಿಂದಲೇ ಎರಡನ್ನು ಹೆಕ್ಕಿ, ಎದೆಯ ಎಕ್ಸ್‌ರೇಗೆ ನಿಂತ ಅಜ್ಜನಿಗೆ "ಉಸಿರು ನಿಲ್ಲಿಸಿ" ಎಂದಿದ್ದಳು.

"ಸಾಯಿ ಅಂತೀಯಾ?" ಎಂದು ಅಜ್ಜ ಅಂಗಿ ಹಿಡಿದು ಹೊರಟೇಬಿಟ್ಟ. ಅವನನ್ನು ಕರೆಯಲು ಹುಡುಗಿ ಪಟ್ಟಿಯಲ್ಲಿ ಪದ ಹುಡುಕುವಷ್ಟರಲ್ಲಿ ಅವನು ಬಾಗಿಲು ದಾಟಿದ್ದ.

ಸಿಡುಕಮ್ಮ ಪಟ್ಟಿಯನ್ನು ಪರಪರ ಹರಿದಳು. "'ಉಸಿರು ಎಳ್ಕೊಳ್ಳಿ, ಹಂಗೇ ಹಿಡ್ಕೊಳ್ಳಿ, ಈಗ ಬಿಡಿ.' ಇದನ್ನ ಇಡಿಯಾಗಿ ಕಲಿ, ಮಗಳೇ. ಯಾವ ಪದಕ್ಕೆ ಯಾವುದು ಜೊತೆ ಅಂತ ಹುಡುಕೋ ಕೆಲಸವೇ ಇರಲ್ಲ."

ಮಧ್ಯಾಹ್ನದೊಳಗೆ ಹುಡುಗಿ ತಡವರಿಸದೆ ಹನ್ನೆರಡು ಜನರ ಎಕ್ಸ್‌ರೇ ತೆಗೆದಳು.

ಅಧಿಕಾರಿ ಬಂದು ಕೂಗಾಡಿದ: "ಪಟ್ಟಿ ಯಾಕ್ರೀ ಹರಿದ್ರಿ? ಅವಳಿಗೆ ಇನ್ನೂರು ಪದ ಬರ್ತಿತ್ತು."

"ಬರ್ತಿತ್ತು ಸ್ವಾಮಿ. ಅಜ್ಜನ್ನ ವಾಪಸ್ ಕರೆಯೋಕೆ ಒಂದೂ ಬರ್ಲಿಲ್ಲ."